ಹೆಸರಿಟ್ಟವಳನ್ನು ನಾನು ಎಬ್ಬಿಸಿದ್ದು

ನನಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದೆ, ಆ ಕೋಪದಿಂದಲೇ ಮಕ್ಕಳು ಪಾಸಾದರು ಎಂದು ನಂಬಿಕೊಂಡಿದ್ದೆ. ನಿವೃತ್ತಿಯಾದ ಮೇಲೆ ಗದರಿಸಲು ಯಾರೂ ಸಿಗದೆ ದಿನಪತ್ರಿಕೆಯ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಾ ಕೂತಿರುತ್ತಿದ್ದೆ. ಅಂಥ ಹೊತ್ತಿನಲ್ಲಿ ನನ್ನ ತಂಗಿಯ ಮಗಳು ಐರ್ಲೆಂಡಿನಿಂದ ಫೋನು ಮಾಡಿ, ‘ದೊಡ್ಡಮ್ಮ, ನಮ್ಮ ಸಂಘಕ್ಕೆ ಹೆಸರು ಬೇಕು, ನೀನೂ ಒಂದು ಕಳಿಸು’ ಎಂದಳು. ನನಗಾದ ಹಿಗ್ಗು ಹೇಳಲಾರೆ. ಸದ್ಯ, ಕೇಳಬೇಕಾದವರನ್ನೇ ಕೇಳಿದ್ದಾರೆ ಅಂದುಕೊಂಡೆ.

ತಂಗಿ ಮಗಳು ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡನೂ ನರ್ಸೇ, ಕೇರಳದವನು. ಅವರಿಗೆ ಹನ್ನೊಂದು ವರ್ಷದ ಒಬ್ಬಳು ಮಗಳು. ಆ ಊರಿನಲ್ಲಿ ಕನ್ನಡ ಮಾತಾಡುವ ಇಪ್ಪತ್ತೈದು ಮನೆಗಳಿದ್ದವು. ಅಲ್ಲಿಯವರೆಗೆ ಹಬ್ಬಕ್ಕೆ ಯಾರದೋ ಮನೆಯಲ್ಲಿ ಸೇರಿ ಉಂಡು ಹೋಗುತ್ತಿದ್ದರು. ಈಗ ಹಾಲ್ ಬಾಡಿಗೆಗೆ ಕೇಳಿದರೆ ನೋಂದಾಯಿತ ಸಂಘ ಬೇಕೆನ್ನುತ್ತಾರೆ, ಬ್ಯಾಂಕ್ ಖಾತೆಗೂ ಅದೇ ಹೆಸರು ಬೇಕು. ಒಮ್ಮೆ ಇಟ್ಟರೆ ಬದಲಾಯಿಸುವುದಕ್ಕೆ ಮತ್ತೆ ಸರ್ವಸದಸ್ಯರ ಸಭೆ, ಮೂರರಲ್ಲಿ ಎರಡು ಪಾಲು ಮತ, ಹೊಸದಾಗಿ ಕಾಗದಪತ್ರ. ಆದ್ದರಿಂದ ಹೆಸರಿನ ವಿಷಯದಲ್ಲಿ ಅವರು ಬಹಳ ಜಾಗರೂಕರಾಗಿದ್ದರು. ತಂಗಿ ಮಗಳಿಗೆ ಇನ್ನೂ ಒಂದು ಚಿಂತೆಯಿತ್ತು. ಹಬ್ಬದ ಊಟಕ್ಕೆ ಹೋದಾಗಲೆಲ್ಲ ಅವಳ ಮಗಳು ಬಾಗಿಲ ಬಳಿ ಫೋನು ಹಿಡಿದು ನಿಂತುಬಿಡುತ್ತಿದ್ದಳು. ‘ನಾನು ಅರ್ಧ’ ಎನ್ನುತ್ತಿದ್ದಳಂತೆ. ಸಂಘ ಇವಳದೂ ಆಗಬೇಕು, ಅದೊಂದೇ ತಾಯಿಯ ಆಸೆ.

ಬೇಸಿಗೆ ರಜಕ್ಕೆ ತಾಯಿ ಮಗಳು ಇಬ್ಬರೂ ಒಂದು ತಿಂಗಳು ನಮ್ಮಲ್ಲಿಗೆ ಬಂದರು. ನಾನು ತಮ್ಮನ ಸಂಸಾರದ ಜೊತೆ ಆವತಿಯ ಹತ್ತಿರದ ತವರುಮನೆಯಲ್ಲೇ ಇದ್ದೇನೆ. ಮನೆ ರಸ್ತೆಗೇ ಇದೆ, ಮುಂದೆ ಉದ್ದಕ್ಕೂ ಕಲ್ಲು ಹಾಸಿದ ಜಗಲಿ. ದೇವನಹಳ್ಳಿ ಬಸ್ಸಿಗೆ ಕಾಯುವವರು, ಗುಲಾಬಿ ಮಾರಿ ಬಂದವರು, ದ್ರಾಕ್ಷಿ ತೋಟದ ಕೂಲಿಯವರು, ಯಾರು ಬೇಕಾದರೂ ಬಂದು ಕೂರುತ್ತಾರೆ. ನೀರು ಕೇಳಿದರೆ ಕೊಡುತ್ತೇವೆ, ಕೇಳದಿದ್ದರೆ ಇಲ್ಲ. ಹುಡುಗಿ ಮೊದಲ ದಿನದಿಂದಲೇ ಆ ಜಗಲಿ ಹಿಡಿದಳು. ಕಾಲು ಇಳಿಬಿಟ್ಟುಕೊಂಡು, ಬಂದವರ ಜೊತೆ ತನಗೆ ಬಂದಷ್ಟು ಕನ್ನಡದಲ್ಲಿ ಹರಟುತ್ತಿದ್ದಳು. ‘ದೊಡ್ಡಜ್ಜಿ, ಇಲ್ಲಿ ಯಾರೂ ಪರ್ಮಿಷನ್ ಕೇಳಲ್ಲ’ ಎಂದು ಒಂದು ಸಲ ನನಗೆ ಹೇಳಿದ್ದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

ಹೆಸರು ಆರಿಸುವ ಅವರ ಕ್ರಮ ಹೀಗಿತ್ತು. ಸದಸ್ಯರ ಮನೆಯವರು ಯಾರು ಬೇಕಾದರೂ, ಊರಲ್ಲಿರುವ ನೆಂಟರು ಮಕ್ಕಳು ಎನ್ನದೆ, ಒಂದು ಹೆಸರು ಕಳಿಸಬಹುದು, ಜೊತೆಗೆ ಮೂರು ಸಾಲಿನ ಕಾರಣ. ಕಳಿಸಿದವರು ಯಾರೆಂದು ಪಟ್ಟಿಯಲ್ಲಿ ಕಾಣದು. ಆ ಊರಿನ ಹೆಸರು ಹೇಗೂ ಮುಂದೆ ಸೇರುತ್ತದೆ, ‘ಕನ್ನಡ’ ಎಂಬ ಮಾತು ಇರಲೇಬೇಕು, ಏಕೆಂದರೆ ಹೊಸದಾಗಿ ಬಂದಿಳಿದವರು ಲೈಬ್ರರಿಯ ಫಲಕದಲ್ಲಿ ನೋಡಿದ ಕೂಡಲೇ ಇದು ನಮ್ಮದು ಎಂದು ಗುರುತಿಸಬೇಕು. ‘ಕರ್ನಾಟಕ’ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಸಭೆ ನಡೆಸುತ್ತಿದ್ದ ಅಧ್ಯಕ್ಷೆ ಕಾಸರಗೋಡಿನವರು, ಇನ್ನೊಂದು ಮನೆಯವರು ಹೊಸೂರಿನವರು, ಅವರನ್ನು ಹೊರಗಿಟ್ಟು ಹೆಸರಿಡುವುದು ಹೇಗೆ? ಜಾತಿ, ದೇವರು, ಜಿಲ್ಲೆ ಯಾವುದರ ವಾಸನೆಯೂ ಬರಕೂಡದು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅಲ್ಲಿನವರು ಓದುವಂತಿರಬೇಕು, ಮಕ್ಕಳು ಶಾಲೆಯಲ್ಲಿ ಗೆಳೆಯರ ಮುಂದೆ ಸಂಕೋಚವಿಲ್ಲದೆ ಹೇಳುವಂತಿರಬೇಕು. ಕೊನೆಗೆ ಮೂರು ಹೆಸರು ಮತಕ್ಕೆ. ದೊಡ್ಡವರದು ಒಂದು ಎಣಿಕೆ, ಎಂಟು ವರ್ಷ ದಾಟಿದ ಮಕ್ಕಳದು ಬೇರೆ ಎಣಿಕೆ. ಎರಡರಲ್ಲೂ ಗೆದ್ದರೆ ಮಾತ್ರ ಹೆಸರು.

ಇಷ್ಟೆಲ್ಲ ತಂಗಿ ಮಗಳು ಬಿಡಿಸಿ ಹೇಳಿದ್ದಳು. ನಾನು ಕೇಳಿಸಿಕೊಂಡೆನೇ? ನಾನು ಕಳಿಸಿದ್ದು ‘ಕನ್ನಡ ಕುಲಪುತ್ರರ ಸಂಘ’. ಹೇಳಿದರೆ ಬಾಯಿ ತುಂಬಬೇಕು ಎಂದು ಕಾರಣವನ್ನೂ ಬರೆದೆ.

ಸಭೆ ಅಲ್ಲಿ ಬೆಳಗಿನ ಹತ್ತಕ್ಕೆ, ನಮಗೆ ಮಧ್ಯಾಹ್ನ ಎರಡೂವರೆ. ಒಳಗೆ ಸಿಗ್ನಲ್ ಸಿಗದೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂವರೂ ಕೂತೆವು. ನಮ್ಮ ಕಡೆಯ ಮೈಕು ತೆರೆದೇ ಇತ್ತು. ಮೊದಲು ನನ್ನ ಹೆಸರೇ ಬಂತು. ಯಾರೋ ತಾಯಿ ನಗುತ್ತಾ, ‘ನನಗಿರೋರು ಇಬ್ಬರೂ ಹೆಣ್ಣುಮಕ್ಕಳು, ಅವರು ಎಲ್ಲಿಗೆ ಹೋಗಬೇಕು?’ ಅಂದಳು. ಇನ್ನೊಬ್ಬರು, ಮದುವೆಯಾಗಿ ಬಂದವರು, ಕನ್ನಡ ಕಲಿಯುತ್ತಿರುವವರು ಯಾವ ಕುಲ ಎಂದು ಕೇಳಿದರು. ಅಧ್ಯಕ್ಷೆ ಮೃದುವಾಗಿಯೇ ಅದನ್ನು ಪಟ್ಟಿಯಿಂದ ತೆಗೆದರು. ನನ್ನ ಕಿವಿ ಬಿಸಿಯಾಯಿತು.

ಮುಂದಿನ ಹೆಸರು ‘ಕನ್ನಡ ಜಗಲಿ’. ಕಾರಣ ಓದಿದರು. ಒಂದು ಹಳ್ಳಿಮನೆಯ ಮುಂದೆ ಜಗಲಿ ಇದೆ, ಅಲ್ಲಿ ಯಾರು ಬಂದರೂ ಕೂರುತ್ತಾರೆ, ನೀನು ಯಾರು ಎಂದು ಯಾರೂ ಕೇಳುವುದಿಲ್ಲ.

ಯಾರು ಬರೆದದ್ದೆಂದು ಆ ಕ್ಷಣವೇ ನನಗೆ ತಿಳಿಯಿತು. ಪಕ್ಕದಲ್ಲೇ ಕೂತಿದ್ದಳಲ್ಲ, ಕಾಲು ಆಡಿಸುವುದನ್ನು ನಿಲ್ಲಿಸಿ ತೆರೆಯನ್ನೇ ನೋಡುತ್ತಿದ್ದಳು. ತಿಳಿದೂ ತಿಳಿದೂ ನಾನು ಅಂದೆ:

‘ಜಗಲಿ ಅಂದ್ರೆ ಒಳಕ್ಕೆ ಕರೆಯದೋರನ್ನ ಕೂರಿಸೋ ಜಾಗ ಕಣ್ರೀ. ಮನೇಲಿ ನೆಟ್ಟಗೆ ಕನ್ನಡ ಆಡದ ಮಕ್ಕಳು ಕನ್ನಡ ಸಂಘಕ್ಕೆ ಹೆಸರಿಡೋಕೆ ಬಂದ್ರೆ ಹಿಂಗೇ ಆಗೋದು.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ತರಗತಿಗಳಲ್ಲಿ ಬಾಯಿಪಾಠ ಮಾಡಿಸಿದ್ದೇನೋ. ಹುಡುಗಿ ಅಳಲಿಲ್ಲ. ಜಗಲಿಯಿಂದ ಇಳಿದು, ಚಪ್ಪಲಿ ಬಿಟ್ಟು, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ತಾಯಿಯ ಫೋನಿಗೆ ಒಳಗಿನಿಂದ ಒಂದು ಸಂದೇಶ ಬಂತು, ನಾನು ಕಳಿಸಿದ ಹೆಸರು ತೆಗೆಯಲು ಹೇಳು ಎಂದು. ತಂಗಿ ಮಗಳು ಸಭೆಗೆ ಹಾಗೇ ತಿಳಿಸಿದಳು. ಮತಕ್ಕೆ ಹೋಗುವ ಹೆಸರುಗಳ ಪಟ್ಟಿ ಶುಕ್ರವಾರ ಮುಚ್ಚುವವರೆಗೆ ಕಳಿಸಿದವರು ಒಪ್ಪಿ, ಸದಸ್ಯರೊಬ್ಬರು ಅನುಮೋದಿಸಿದರೆ ಮತ್ತೆ ಸೇರಿಸಬಹುದು ಎಂದರು ಅಧ್ಯಕ್ಷೆ. ತಂಗಿ ಮಗಳು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದಳು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಮೆಲ್ಲಗೆ, ‘ಮುತ್ತಜ್ಜಿಗೂ ಕನ್ನಡ ಬರ್ತಿರಲಿಲ್ವಂತಲ್ಲ ದೊಡ್ಡಮ್ಮ. ಅಮ್ಮ ಹೇಳ್ತಿದ್ಲು’ ಅಂದಳು, ಅಷ್ಟೇ.

ಹೌದು, ಬರುತ್ತಿರಲಿಲ್ಲ. ನನ್ನ ತಂದೆಯ ತಾಯಿ ಸಾಯುವವರೆಗೂ ಆಡಿದ್ದು ತೆಲುಗು. ನಮ್ಮ ಕಡೆ ಬಹಳ ಒಕ್ಕಲು ಮನೆಗಳಲ್ಲಿ ಹಾಗೇ. ಕಂಚಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ಆವತಿಯಲ್ಲಿ ಇಳಿದು ಈ ಸೀಮೆ ಕಟ್ಟಿದ ಅಣ್ಣತಮ್ಮಂದಿರ ಕತೆಯನ್ನು ನಾನೇ ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ. ಅವರು ಬಂದಿಳಿದ ದಿನ ಅವರ ಬಾಯಲ್ಲಿ ಯಾವ ಭಾಷೆಯಿತ್ತು ಎಂದು ಒಂದು ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಂಗಿ ಮಗಳಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ನಾನು ಏಳನೆಯ ತರಗತಿಯಲ್ಲಿದ್ದಾಗ ಕನ್ನಡ ಭಾಷಣದಲ್ಲಿ ಬಹುಮಾನ ಬಂದು, ಮೇಷ್ಟ್ರು ಮನೆಗೆ ಹೇಳಿ ಹೋಗಲು ಬಂದಿದ್ದರು. ಇದೇ ಜಗಲಿಯ ಮೇಲೆ ಕೂತಿದ್ದ ಅಜ್ಜಿ ತೆಲುಗಿನಲ್ಲಿ, ಯಾರಮ್ಮಾ ಬಂದವರು, ನೀರು ಕೊಡು ಎಂದಳು. ಮೇಷ್ಟ್ರು ಇವರು ಯಾರು ಎಂದರು. ನಾನು, ‘ಪಕ್ಕದ ಮನೆಯೋರ ನೆಂಟರು ಸಾರ್’ ಅಂದೆ. ಅಜ್ಜಿಗೆ ಕನ್ನಡ ಆಡಲು ಬಾರದಿದ್ದರೂ ಅರ್ಥವಾಗುತ್ತಿತ್ತು. ಎದ್ದು ಹಿತ್ತಲಿಗೆ ಹೋದಳು. ರಾತ್ರಿ ನನಗೆ ಮುದ್ದೆಗೆ ತುಪ್ಪ ಹಾಕಿ ಬಡಿಸಿದಳು. ಥೂ, ಈಗ ಬರೆಯುವಾಗಲೂ ಕೈ ನಾಚುತ್ತದೆ.

ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಮಗುವಿನ ಎಲೆಯ ನೊಣ ತೋರಿಸಿದ್ದೆ. ಮಾರನೆಯ ದಿನ ಇದನ್ನೆಲ್ಲ ಅಧ್ಯಕ್ಷೆಗೆ ಒಂದು ಕಾಗದದಲ್ಲಿ ಬರೆದೆ. ನಾನು ಸದಸ್ಯಳಲ್ಲ, ನನಗೆ ಮತವಿಲ್ಲ, ಆದರೂ ಸಭೆಯಲ್ಲಿ ನನ್ನ ಮಾತು ಕೇಳಿಸಿದ್ದರಿಂದ ಈ ಕಾಗದವೂ ಕೇಳಿಸಲಿ ಎಂದು ಕೊನೆಗೆ ಸೇರಿಸಿದೆ. ಆಮೇಲೆ ಹುಡುಗಿಯ ಮುಂದೆ ನಿಂತು ಆ ಕಾಗದ ಓದಿ, ತಪ್ಪಾಯ್ತು ಎಂದೆ. ಅವಳು ನನ್ನನ್ನು ತಡೆಯುವವಳಂತೆ ಕೈ ಎತ್ತಿ, ‘ಪರವಾಗಿಲ್ಲ ದೊಡ್ಡಜ್ಜಿ’ ಎಂದಳು, ಹೊರಗಿನವರಿಗೆ ಹೇಳುವಷ್ಟು ಮರ್ಯಾದೆಯಿಂದ. ಹೆಸರು ಮತ್ತೆ ಸೇರಿಸಲು ಒಪ್ಪಿಗೆ ಕೊಟ್ಟಳು.

ಶುಕ್ರವಾರದ ಎರಡನೆಯ ಸಭೆಯಲ್ಲಿ ಕಾಗದ ಓದಿದರು. ಆಗ ನೆಲಮಂಗಲದ ಕಡೆಯ ಒಬ್ಬ ಸದಸ್ಯ ಮೈಕು ತೆಗೆದುಕೊಂಡ. ಜಗಲಿಯ ಬಗ್ಗೆ ಆ ಟೀಚರು ಹೇಳಿದ್ದು ಸುಳ್ಳಲ್ಲ, ನಮ್ಮಪ್ಪನನ್ನು ಜಗಲಿಯನ್ನೂ ಹತ್ತಿಸುತ್ತಿರಲಿಲ್ಲ, ರಸ್ತೆಯಲ್ಲೇ ನಿಲ್ಲಿಸುತ್ತಿದ್ದರು ಎಂದ. ‘ಅದಕ್ಕೇ ನಾನು ಇದನ್ನ ಅನುಮೋದಿಸ್ತೀನಿ. ಈ ಜಗಲಿ ಮೇಲೆ ಯಾರನ್ನೂ ಎಬ್ಬಿಸಬಾರದು ಅಂತ ನಿಯಮಾವಳೀಲಿ ಬರೀರಿ.’ ಬರೆದರು. ಕನ್ನಡ ಎಷ್ಟು ಬರುತ್ತದೆ, ಯಾವ ಊರು, ಮನೆಯಲ್ಲಿ ಯಾವ ಭಾಷೆ ಎಂಬುದನ್ನು ಸದಸ್ಯತ್ವಕ್ಕೆ ಕೇಳತಕ್ಕದ್ದಲ್ಲ ಎಂದು. ನಂತರ ಅಲ್ಲಿನ ಒಬ್ಬ ಐರಿಷ್ ನೆರೆಯವನಿಂದ ಹೆಸರನ್ನು ಓದಿಸಿದರು, ತುಳು ಮನೆಯ ಒಂದು ಮಗುವಿನಿಂದ ಹೇಳಿಸಿದರು. ಮತ ಎಣಿಸಿದಾಗ ದೊಡ್ಡವರ ಕಡೆ ಸ್ವಲ್ಪದರಲ್ಲಿ ಗೆದ್ದಿತು, ಮಕ್ಕಳ ಕಡೆ ಎದುರೇ ಇರಲಿಲ್ಲ. ಹೆಸರು ಸೂಚಿಸಿದವರು ಯಾರೆಂದು ನಡಾವಳಿಯಲ್ಲಿ ಬರೆಯೋಣವೇ ಎಂದು ಅಧ್ಯಕ್ಷೆ ಕೇಳಿದರು. ಹುಡುಗಿ ಬಾಗಿಲ ಬಳಿ ನಿಂತು ಬೇಡ ಎಂದು ತಲೆಯಾಡಿಸಿದಳು. ನಾನು ಮಾತ್ರ ಎಲ್ಲ ಸರಿಹೋಯಿತೆಂದು ಮನಸ್ಸು ಹಗುರ ಮಾಡಿಕೊಂಡು ಕಡುಬು ಮಾಡಿಸಿದೆ.

ಅವರು ಹೊರಡುವ ದಿನ ಏರ್‌ಪೋರ್ಟಿಗೆ ಹೋಗುವ ಕಾರು ಇನ್ನೂ ಬಂದಿರಲಿಲ್ಲ. ನಾನು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದೆ. ಗುಲಾಬಿ ಮಾರಿ ಬಂದ ಹೆಂಗಸೊಬ್ಬಳು ಆ ತುದಿಯಲ್ಲಿ ಬುಟ್ಟಿ ಇಳಿಸಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡು ಒಳಗಿನಿಂದ ಬಂದಳು. ಬಂದವಳು ಹೊಸ್ತಿಲ ಬಳಿಯೇ ನಿಂತಳು. ಆ ಸಭೆಯ ದಿನದಿಂದ ಅವಳು ಜಗಲಿಯ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು.

‘ದೊಡ್ಡಜ್ಜಿ, ನಾನು ಇಲ್ಲಿ ಕೂತ್ಕೋಬಹುದಾ?’ ಎಂದು ಕೇಳಿದಳು.