‘ನೀಡ್‌ಫುಲ್’ ಅಂದರೆ ಏನು?

ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತು ಇನ್ನೂ ತಿಂಗಳಾಗಿಲ್ಲ. ನನ್ನ ಬೆರಳು ದಪ್ಪ, ಅಕ್ಷರಗಳು ಸಣ್ಣವು. ‘ಅಜ್ಜಿ’ ಎಂದು ಒತ್ತಿದರೆ ‘ಬಜ್ಜಿ’ ಬರುತ್ತದೆ. ಆದರೂ ಮೊನ್ನೆ ಮೊಮ್ಮಗಳಿಗೆ ಅವಳ ಆಫೀಸಿನಿಂದ ಬಂದ ಒಂದು ಪತ್ರವನ್ನು ಅವಳ ಹೆಗಲ ಮೇಲಿಂದ ಇಣುಕಿ ಓದಿದೆ. ಕೊನೆಯ ಸಾಲು ಕಂಡದ್ದೇ ತಡ, ಚಪ್ಪಾಳೆ ತಟ್ಟಿ ನಕ್ಕುಬಿಟ್ಟೆ. ‘ಕೈಂಡ್ಲಿ ಡು ದ ನೀಡ್‌ಫುಲ್’! ಇದಿನ್ನೂ ಸತ್ತಿಲ್ಲವಲ್ಲ! ನನ್ನ ಮೊದಲ ನೌಕರಿ ಹೋಗುವುದರಲ್ಲಿತ್ತು, ಈ ನಾಲ್ಕು ಶಬ್ದಗಳ ಕಾಲಿಗೆ ಸಿಕ್ಕು.

ಐವತ್ತರ ದಶಕದ ಮಾತು. ನನಗೆ ಹತ್ತೊಂಬತ್ತು. ಅಕ್ಕಲಕೋಟದಲ್ಲಿ ಮ್ಯಾಟ್ರಿಕ್ ಮುಗಿಸಿ, ಸೋಲಾಪುರದಲ್ಲಿ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆಯಲ್ಲಿದ್ದು ಇಂಗ್ಲಿಷ್ ಟೈಪಿಂಗ್ ಕಲಿತಿದ್ದೆ. ಚಾದರದ ಸಗಟು ವ್ಯಾಪಾರ ಮಾಡುವ ಒಂದು ಪೇಢಿಯಲ್ಲಿ ಟೈಪಿಸ್ಟ್ ಬೇಕಾಗಿತ್ತು. ಮಾಲಕರು ಒಂದು ತಿಂಗಳು ನೋಡೋಣ ಅಂದರು. ಅಪ್ಪ ಅಕ್ಕಲಕೋಟದಿಂದ ಹೇಳಿ ಕಳಿಸಿದ: ತಿಂಗಳಾದ ಮೇಲೆ ಖಾಯಂ ಮಾಡಿದರೆ ಸರಿ, ಇಲ್ಲದಿದ್ದರೆ ನೆಟ್ಟಗೆ ಮನೆಗೆ ಬಾ. ಮನೆಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಟೈಪ್‌ರೈಟರಿನ ಮೇಲೆ ಓಡುತ್ತಿದ್ದ ಬೆರಳು ಸೆಗಣಿ ತಟ್ಟುವುದಕ್ಕೆ ವಾಪಸು.

ಪೇಢಿಯ ಪತ್ರಗಳನ್ನೆಲ್ಲ ಹೇಳಿ ಬರೆಸುತ್ತಿದ್ದವರು ಹಿರಿಯ ಕಾರಕೂನರು. ಕರಿ ಟೊಪ್ಪಿಗೆ, ಕಿವಿಯ ಮೇಲೆ ಪೆನ್ಸಿಲು. ಎಲ್ಲರಿಗೂ ಅವರು ಕಾಕಾ. ಅವರ ಇಂಗ್ಲಿಷ್ ಪತ್ರವೆಂದರೆ ತಲೆಗೆ ರೇಷ್ಮೆ ಪಟಗ ಸುತ್ತಿದಂತೆ, ಸುತ್ತಿ ಸುತ್ತಿ ಮುಗಿಯುತ್ತಲೇ ಇರಲಿಲ್ಲ. ನಿಮ್ಮ ಪತ್ರ ಮುಟ್ಟಿತು ಎನ್ನಲು ‘ಯುವರ್ ಎಸ್ಟೀಮ್ಡ್ ಫೇವರ್’, ಅಂದರೆ ನಿಮ್ಮ ಮಾನ್ಯ ಕೃಪೆ. ಈ ತಿಂಗಳಿಗೆ ‘ಇನ್‌ಸ್ಟಂಟ್’, ಹೋದ ತಿಂಗಳಿಗೆ ‘ಅಲ್ಟಿಮೊ’. ಏನಾದರೂ ತಿಳಿಸುವುದಿದ್ದರೆ ‘ವಿ ಬೆಗ್ ಟು ಸ್ಟೇಟ್’, ಅಂದರೆ ತಿಳಿಸಲು ಬೇಡಿಕೊಳ್ಳುತ್ತೇವೆ. ಎಲ್ಲದರ ಕೊನೆಗೆ ‘ಕೈಂಡ್ಲಿ ಡು ದ ನೀಡ್‌ಫುಲ್ ಆ್ಯಂಡ್ ಒಬ್ಲೈಜ್’. ನಾನು ತಪ್ಪಿಲ್ಲದೆ ಬಡಿಯುತ್ತಿದ್ದೆ, ಕಾರ್ಬನ್ ಪ್ರತಿಯನ್ನು ಫೈಲಿಗೆ ಹಾಕುತ್ತಿದ್ದೆ. ಪತ್ರದ ಕೆಳಗೆ ಎಡಮೂಲೆಯಲ್ಲಿ ಹೇಳಿದವರ ಮೊದಲಕ್ಷರ, ಒಂದು ಗೀಟು, ಟೈಪ್ ಮಾಡಿದವಳ ಮೊದಲಕ್ಷರ. ನನ್ನ ಹೆಸರಿನ ಆ ಒಂದಕ್ಷರವನ್ನು ನೋಡಿ ನೋಡಿ ಖುಷಿಪಡುತ್ತಿದ್ದೆ.

ಮೂರನೆಯ ವಾರ ಅದೇ ಅಕ್ಷರ ನನ್ನ ಕುತ್ತಿಗೆಗೆ ಬಂತು.

ಮಧ್ಯಾಹ್ನ ಊಟದ ಹೊತ್ತಿಗೆ ವಿಜಾಪುರದ ಸಾವಕಾರರೊಬ್ಬರು ಬಾಗಿಲಲ್ಲಿ ಬಂದು ನಿಂತರು. ಅಲ್ಲಿ ಅವರದು ಅಣ್ಣತಮ್ಮರ ಬಟ್ಟೆ ಅಂಗಡಿ, ಪೇಢಿಗೆ ಬಹಳ ಹಳೆಯ ಗಿರಾಕಿ. ಕೈಯಲ್ಲಿ ನಾನು ಟೈಪ್ ಮಾಡಿದ ಪತ್ರ.

“ಮಾಲಕರ, ಇದೇನ್ ಬರದೀರಿ ನನಗ? ಏನ್ ಬೇಕಾದ್ದು ಮಾಡ್ಕೋ ಅಂತ?”

ಮಾಲಕರು ಎದ್ದು ನಿಂತರು. “ಛೇ ಛೇ, ಬರ್ರಿ ಸಾವಕಾರ್ರ, ಕುಂದರ್ರಿ. ನಾವ್ಯಾಕ ಹಂಗ ಬರೀತೀವ್ರಿ?”

“ನಮ್ಮೂರ ಸಾಲಿ ಮಾಸ್ತರು ಕಟ್ಟಿ ಮ್ಯಾಲೆ ಹತ್ತು ಮಂದಿ ಮುಂದ ಓದಿ ಹೇಳ್ಯಾರ. ‘ಎರಡು ಗಂಟು ಚುಕಿಲೆ ಬಂದಾವ, ಬೇಕಾದ್ದು ಮಾಡ್ರಿ’ ಅಂತ. ನಾನೇನು ನಿಮ್ಮ ಗಂಟು ಕದ್ದೀನಿ?”

ಆದದ್ದು ಇಷ್ಟು. ಅವರಿಗೆ ಹೋಗಬೇಕಾದದ್ದು ಮೂರು ಗಂಟು ಚಾದರ. ಗುದಾಮಿನವರು ಕಲಬುರ್ಗಿಯ ಒಂದು ಹಾಸ್ಟೆಲಿಗೆ ಹೋಗಬೇಕಿದ್ದ ಎರಡು ಗಂಟನ್ನೂ ಸೇರಿಸಿ ಐದು ಕಳಿಸಿಬಿಟ್ಟಿದ್ದರು. ತಪ್ಪು ಗೊತ್ತಾದಾಗ ಕಾಕಾ ಉದ್ದನೆಯ ಪತ್ರ ಬರೆಸಿದರು. ತಪ್ಪಾಗಿದೆ, ವಿಷಾದಿಸುತ್ತೇವೆ, ಕೈಂಡ್ಲಿ ಡು ದ ನೀಡ್‌ಫುಲ್. ಆ ಗಂಟುಗಳನ್ನು ಎಲ್ಲಿಗೆ, ಯಾವಾಗ, ಹೇಗೆ ಕಳಿಸಬೇಕು ಎಂಬ ಒಂದಕ್ಷರ ಅದರಲ್ಲಿ ಇರಲಿಲ್ಲ. ಮಾಸ್ತರರು ಇದ್ದದ್ದನ್ನು ಇದ್ದ ಹಾಗೆ ಕನ್ನಡ ಮಾಡಿದ್ದರು. ನಮ್ಮ ಕಡೆ ‘ಬೇಕಾದ್ದು ಮಾಡ್ಕೋ’ ಅನ್ನುವುದು ಜಗಳದಲ್ಲಿ, ಕೈ ಝಾಡಿಸಿ, ಬೆನ್ನು ತಿರುಗಿಸಿ!

“ಹಂಗಾರ ಆ ಗಂಟು ಏನ್ ಮಾಡೀರಿ?” ಎಂದು ಮಾಲಕರು ಹೆದರುತ್ತಲೇ ಕೇಳಿದರು.

“ಬೇಕಾದ್ದು ಮಾಡೀನಿ! ಅವೆರಡರ ಮ್ಯಾಲೆ ಕುಂತು ಯಾಪಾರ ಮಾಡಾಕತ್ತೀನಿ. ಭಾಳ ಮೆತ್ತಗ ಅದಾವ.”

ನನಗೆ ನಗು ತಡೆಯಲಾಗಲಿಲ್ಲ. ಕಾಕಾ ಕಣ್ಣು ಕೆಂಪಗೆ ಮಾಡಿ ನನ್ನ ಕಡೆ ತಿರುಗಿದರು. “ನೋಡ್ರಿ ಮಾಲಕರ, ಟೈಪ್ ಮಾಡಿದಾಕಿ ಇಕಿ. ಕೆಳಗ ಇಕಿ ಅಕ್ಷರ ಐತಿ. ಪೋರಗೋಳ ಕೈಯಾಗ ಮಶೀನ್ ಕೊಟ್ರ ಹಿಂಗ ಆಗತೈತಿ.”

ನನ್ನ ನಗು ನಿಂತಿತು. ಫೈಲಿನಿಂದ ಕಾರ್ಬನ್ ಪ್ರತಿ ತೆಗೆದು ಮಾಲಕರ ಮುಂದಿಟ್ಟೆ. ಕಾಕಾ ಹೇಳಿದ್ದಕ್ಕೂ ನಾನು ಬಡಿದದ್ದಕ್ಕೂ ಒಂದು ಚುಕ್ಕೆಯ ಫರಕು ಇರಲಿಲ್ಲ. ಅಷ್ಟಕ್ಕೇ ಬಾಯಿ ಸುಮ್ಮನಿರಲಿಲ್ಲ.

“ಕಾಕಾ, ನೀಡ್‌ಫುಲ್ ಅಂದ್ರ ಏನ್ರಿ?”

“ನೀಡ್‌ಫುಲ್ ಅಂದ್ರ ನೀಡ್‌ಫುಲ್!”

“ಅಂದ್ರ ಏನ್ ಮಾಡಬೇಕು ಸಾವಕಾರ್ರು?”

“ತಿಳಕೊಂಡು ಮಾಡಬೇಕು.”

“ತಿಳಕೊಂಡ ಮಾಡ್ಯಾರಲ್ರಿ. ಕುಂತಾರ.”

ಮಾಲಕರ ಮೀಸೆ ಅಲುಗಿತು. ಸಾವಕಾರರೂ ಒಮ್ಮೆ ಕೆಮ್ಮಿದರು. ಆದರೆ ಮಾಲಕರ ತಲೆಯಲ್ಲಿ ಬೇರೆಯೇ ಚಿಂತೆ ಇತ್ತು. ಹಾಸ್ಟೆಲು ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ತೆರೆಯುವುದಿತ್ತು, ಹುಡುಗರಿಗೆ ಹೊದಿಕೆ ಇರಲಿಲ್ಲ. ಸಾವಕಾರರೋ ಮದುವೆಗೆಂದು ಪುಣೆಗೆ ಹೊರಟವರು, ದಾರಿಯಲ್ಲಿ ಜಗಳಕ್ಕೆ ಇಳಿದಿದ್ದರು. ಅಂಗಡಿಯಲ್ಲಿ ಇದ್ದವರು ಅವರ ಅಣ್ಣ.

“ಬಾಯಿ ಮಾತು ನಡ್ಯಾಂಗಿಲ್ಲ,” ಎಂದರು ಸಾವಕಾರರು. “ಕಟ್ಟಿ ಮ್ಯಾಲೆ ಇಂಗ್ಲೀಷಿನ್ಯಾಗ ಮರ್ಯಾದಿ ಹೋಗೈತಿ, ಇಂಗ್ಲೀಷಿನ್ಯಾಗ ವಾಪಸ್ ಬರಬೇಕು. ನಮ್ಮಣ್ಣಗ ಬರೀರಿ. ಅದ ಮಾಸ್ತರ್ ಓದತಾರ.”

ಮಾಲಕರು ನನ್ನನ್ನು ನೋಡಿದರು. “ನಡಿಯವಾ, ನೀ ಬರಿ. ಅದನ್ನ ಓದಿ ಗಂಟು ಕಲಬುರ್ಗಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದ್ರ ನೀ ಖಾಯಂ. ಮುಟ್ಟಲಿಲ್ಲಂದ್ರ ಅಕ್ಕಲಕೋಟ ಮೋಟರಿಗೆ ನಾನ ಕುಂದರಸ್ತೀನಿ.”

ಸ್ಟೂಲಿನ ಮೇಲೆ ಕೂತೆ. ಕಾಗದ ಏರಿಸಿದೆ. ಏನು ಬರೆಯಲಿ? ಆಗ ಹೊಳೆದದ್ದು ತಾರು, ಟೆಲಿಗ್ರಾಮ್. ತಾರು ಬರೆಯುವಾಗ ಇದೇ ಕಾಕಾ ಒಂದೊಂದು ಶಬ್ದ ಹೊಡೆದುಹಾಕಿ ಏನು, ಎಲ್ಲಿಗೆ, ಯಾವಾಗ ಎಂಬಷ್ಟನ್ನೇ ಉಳಿಸುತ್ತಿದ್ದರು. ಅದು ಯಾರಿಗೂ ತಿಳಿಯದೆ ಹೋದದ್ದಿಲ್ಲ. ಅದಕ್ಕೆ ಎರಡು ಒಳ್ಳೆಯ ಮಾತು ಸೇರಿಸಿದರೆ ಪತ್ರ ಆಗುವುದಿಲ್ಲವೇ?

ಟಕಟಕ ಶುರುವಾಯಿತು. ನಮ್ಮ ಹಿಂದಿನ ಪತ್ರದಿಂದ ನಿಮಗೆ ಬೇಸರವಾಗಿದೆ, ಕ್ಷಮಿಸಿ. ತಪ್ಪು ನಮ್ಮದು. ಒಂದು, ಎರಡು, ಮೂರನೆಯ ನಂಬರಿನ ಗಂಟು ನಿಮ್ಮವು, ಇಟ್ಟುಕೊಳ್ಳಿ. ನಾಲ್ಕು ಮತ್ತು ಐದನ್ನು ದಯವಿಟ್ಟು ಬಿಚ್ಚದೆ, ಈ ಬುಧವಾರದೊಳಗೆ ರೈಲಿನಲ್ಲಿ ಕಲಬುರ್ಗಿಯ ಹಾಸ್ಟೆಲಿನ ಹೆಸರಿಗೆ ಕಳಿಸಿ. ರೈಲ್ವೆ ರಸೀದಿಯನ್ನು ಅಂದೇ ಅವರಿಗೆ ಟಪಾಲಿನಲ್ಲಿ ಹಾಕಿ. ಅದಿಲ್ಲದೆ ಸ್ಟೇಷನ್ನಿನವರು ಗಂಟು ಬಿಡುವುದಿಲ್ಲ. ಸಾಗಾಟದ ಖರ್ಚು ನಮ್ಮದು. ಕಳಿಸಿದ ತಾರೀಖನ್ನು ನಮಗೂ ತಿಳಿಸಿ. ಬುಧವಾರದ ಮುಂದೆ ತಾರೀಖು ಹಾಕಿ ತಿಂಗಳ ಹೆಸರನ್ನೂ ಬಡಿದೆ. ಇನ್‌ಸ್ಟಂಟ್ ಗಿನ್‌ಸ್ಟಂಟ್ ಏನೂ ಇಲ್ಲ.

ಕಾಕಾ ಬೆನ್ನ ಹಿಂದೆ ನಿಂತು ಓದುತ್ತಿದ್ದರು. “ಬುಧವಾರದೊಳಗ ಅಂತ! ದೊಡ್ಡವರಿಗೆ ದಿನ ಗೊತ್ತು ಮಾಡೂದು ಅಂದ್ರ ಹುಕುಂ ಮಾಡಿಧಂಗ. ‘ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯನ್ಸ್’ ಹಾಕು.”

“ಅವರ ಅನುಕೂಲ ದೀಪಾವಳಿಗೆ ಬಂದ್ರ ಏನ್ ಮಾಡೂದ್ರಿ? ಯಾಕ ಬುಧವಾರ ಅಂತ ಕಾರಣ ಬರೀತೀನಿ, ಹುಕುಂ ಅನಸಾಂಗಿಲ್ಲ.” ಹಾಸ್ಟೆಲು ತೆರೆಯುವ ದಿನವನ್ನು ಅಲ್ಲೇ ಸೇರಿಸಿದೆ.

“ಕಡೀಕ ‘ಯುವರ್ ಮೋಸ್ಟ್ ಒಬಿಡಿಯಂಟ್ ಸರ್ವಂಟ್ಸ್’ ಎಲ್ಲೈತಿ?”

“ನಾವೇನ್ ಅವರ ಮನಿ ಆಳ್ರಿ, ಕಾಕಾ? ‘ಯುವರ್ಸ್ ಫೇಯ್ತ್‌ಫುಲಿ’ ಸಾಕ್ರಿ.”

“ಇದು ಪತ್ರ ಅಲ್ಲ, ನೆಗಡಿ ಬಂದ ತಾರು!”

ಮಾಲಕರು ಪಕ್ಕದ ದವಾಖಾನೆಯ ಕಂಪೌಂಡರನನ್ನು ಕರೆಸಿದರು. ಅವನಿಗೆ ಈ ಜಗಳ ಗೊತ್ತಿರಲಿಲ್ಲ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮೊದಲು ಹಳೆಯದನ್ನು ಕೊಟ್ಟರು. ಅವನು ಎರಡು ಸಲ ಓದಿ ತಲೆ ಕೆರೆದುಕೊಂಡ. “ಏನೋ ಬೇಡ್ಕೊಳ್ಳಾಕತ್ತಾರ್ರಿ. ಏನು ಅಂತ ತಿಳೀವಲ್ದು. ಕಡೀಕ ‘ಬೇಕಾದ್ದು ಮಾಡ್ರಿ’ ಅಂದಾರ.”

“ಕೇಳಿದ್ರ್ಯಾ?” ಎಂದು ಸಾವಕಾರರು ತೊಡೆ ತಟ್ಟಿದರು.

ಆಮೇಲೆ ನನ್ನದು. ಕಂಪೌಂಡರ ನಿಂತಲ್ಲಿಯೇ ಗಡಗಡನೆ ಕನ್ನಡದಲ್ಲಿ ಓದಿದ, ಗಂಟು ಯಾವುದು, ಊರು ಯಾವುದು, ದಿನ ಯಾವುದು. ಸಾವಕಾರರ ಹುಬ್ಬು ಇಳಿಯಿತು. “ಇಷ್ಟ ಬರದಿದ್ರ ನಾ ಮೋಟರ್ ಹತ್ತಿ ಬರತಿದ್ನೇನು? ಭೇಷ್ ತಂಗಿ! ಹಾಕ್ರಿ ಟಪಾಲಿಗೆ.”

ಪೆಟ್ಟಿಗೆಗೆ ನಾನೇ ಓಡಿಹೋಗಿ ಹಾಕಿ ಬಂದೆ. ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ! ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಬೆರಳು ತಪ್ಪು ಅಕ್ಷರದ ಮೇಲೆ ಬೀಳುತ್ತಿತ್ತು. ಬುಧವಾರ ಹೋಯಿತು. ಗುರುವಾರ ಏನಿಲ್ಲ. ಶುಕ್ರವಾರ ಕಾಕಾ ಅಡಿಕೆ ಕತ್ತರಿಸುತ್ತ, “ಮೋಟರ್ ಎಷ್ಟಕ್ಕ ಐತೆವಾ ನಿಮ್ಮೂರಿಗೆ?” ಎಂದು ಕೇಳಿದರು. “ನೀವು ಬರೋರಿದ್ರ ಹೇಳ್ತೀನ್ರಿ” ಎಂದೆ.

ಶನಿವಾರ ಒಂದೇ ಟಪಾಲಿನಲ್ಲಿ ಎರಡು ಕಾರ್ಡು! ಒಂದು ವಿಜಾಪುರದ ಅಣ್ಣನದು: ಮಂಗಳವಾರವೇ ಕಳಿಸಿದೆ, ರಸೀದಿ ಟಪಾಲಿಗೆ ಹಾಕಿದೆ. ಕೆಳಗೆ ಮಾಸ್ತರರು ತಮ್ಮದೇ ಅಕ್ಷರದಲ್ಲಿ, “ಇಂತಹ ಪತ್ರ ಓದಲು ಬಹಳ ಹಗುರ” ಎಂದು ಗೀಚಿದ್ದರು. ಇನ್ನೊಂದು ಕಲಬುರ್ಗಿಯದು: ಎರಡೂ ಗಂಟು ಮುಟ್ಟಿದವು. ನಾನು ಸ್ಟೂಲಿನಿಂದ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಕಾರ್ಡನ್ನು ಮಾಲಕರಿಗೆ ಕೊಡುವ ಮೊದಲು ಕಾಕಾನ ಮೂಗಿನ ಮುಂದೆ ಹಿಡಿದೆ. ಪೋರಿ ಬುದ್ಧಿ!

ಕಾಕಾ ಓದಿದರು, ಕಾರ್ಡು ತಿರುಗಿಸಿ ಹಿಂದೆಯೂ ನೋಡಿದರು. ಆಮೇಲೆ ಕಪಾಟಿನಿಂದ ದಪ್ಪ ಫೈಲೊಂದನ್ನು ತಂದು ನನ್ನ ಮುಂದೆ ಧೊಪ್ಪನೆ ಇಟ್ಟರು. ಎಲ್ಲ ಉತ್ತರವೇ ಬಾರದ ಪತ್ರಗಳು.

“ಇವನ್ನೂ ಹಂಗ ತಿದ್ದಿ ಕಳಸು. ಬೆಗ್ ತಗಿ, ನೀಡ್‌ಫುಲ್ ತಗಿ. ಆದ್ರ ಒಂದೊಂದು ‘ಎಸ್ಟೀಮ್ಡ್’ ಬಿಡವಾ. ಅದು ನಾ ಕಲತ ಮೊದಲನೇ ದೊಡ್ಡ ಶಬ್ದ.”

ಅವರ ದನಿ ಸ್ವಲ್ಪ ಸಣ್ಣದಾಗಿತ್ತು. ಪಾಪ ಅನ್ನಿಸಿತು. ವಾರಕ್ಕೊಂದು ಎಸ್ಟೀಮ್ಡ್ ಎಂದು ಒಪ್ಪಂದವಾಯಿತು. ಅದು ಯಾರಿಗೆ ಸಲ್ಲಬೇಕೆಂದು ಪ್ರತಿ ಸೋಮವಾರ ಬೆಳಿಗ್ಗೆ ಕಾಕಾ ಬಹಳ ಹೊತ್ತು ವಿಚಾರ ಮಾಡುತ್ತಿದ್ದರು.

ಮಾಲಕರು ಆ ಶನಿವಾರವೇ “ಸೋಮವಾರದಿಂದ ಖಾಯಂ” ಎಂದರು. ನಾನು ಊಟಕ್ಕೂ ಹೋಗದೆ ಅಪ್ಪನಿಗೆ ಕಾರ್ಡು ಬರೆದೆ. ಸಾಷ್ಟಾಂಗ ನಮಸ್ಕಾರ, ಇತ್ತ ಕ್ಷೇಮ ಅತ್ತ ಕ್ಷೇಮ, ಇದೆಲ್ಲ ಬಿಟ್ಟುಬಿಟ್ಟೆ. “ಅಪ್ಪಾ, ನೌಕರಿ ಖಾಯಂ ಆಯಿತು. ನಾನು ಬರುವುದಿಲ್ಲ. ನನ್ನ ಹಸಿರು ಟ್ರಂಕನ್ನು ಈ ಕಾರ್ಡು ಮುಟ್ಟಿದ ಮೇಲೆ ಬರುವ ರವಿವಾರ ಬೆಳಗಿನ ಮೋಟರಿಗೆ ಹಾಕು. ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ.”

ರವಿವಾರ ಮೋಟರು ಬಂತು. ಟ್ರಂಕು ಮೇಲಿತ್ತು. ಅದರ ಹಿಂದೆಯೇ ಅಪ್ಪನೂ ಇಳಿದ.

“ನಮಸ್ಕಾರ ಸುದ್ದಾ ಬರೀಲಿಲ್ಲಲ್ಲ ನೀ. ಜಡ್ಡು ಗಿಡ್ಡು ಬಂದೈತೇನೋ ಅಂತ ಅಂಜಿ ಓಡಿ ಬಂದೀನಿ!”

ನಡು ಸ್ಟ್ಯಾಂಡಿನಲ್ಲಿ ಬಗ್ಗಿ ಅಪ್ಪನ ಕಾಲಿಗೆ ನಮಸ್ಕಾರ ಮಾಡಿದೆ. ಆಮೇಲೆ ಟ್ರಂಕಿನ ಒಂದು ಹಿಡಿ ಅವನು, ಒಂದು ಹಿಡಿ ನಾನು ಹಿಡಿದು ಮಾವಶಿಯ ಮನೆಯ ಕಡೆ ನಡೆದೆವು.