ಬೈತಲೆ ತೆಗೆಯುವ ಶಾಸ್ತ್ರ

ಭದ್ರಾವತಿಯ ನ್ಯೂ ಟೌನಿನಲ್ಲಿ ಗಣಿತದ ಟೀಚರಾಗಿದ್ದ ಕವನಾಳ ಬೈತಲೆ ಮದುವೆಯಾದ ವರ್ಷವೇ ಕೂದಲು ಉದುರಿ ಅಗಲವಾಗತೊಡಗಿತು. "ಇದೇನು ಬೈತಲೆಯೋ, ಬಸ್ಸು ಓಡೋ ರಸ್ತೆಯೋ!" ಎಂದು ಅತ್ತೆ ವೇದಾವತಿ ನೆಂಟರೆದುರೇ ಆಡಿಕೊಂಡರು. ಗಂಡ ಗೋವಿಂದನೂ ನಕ್ಕ.

ಕವನಾ ಒಬ್ಬಳೇ ಶಿವಮೊಗ್ಗದ ಚರ್ಮದ ಡಾಕ್ಟರ ಬಳಿ ಹೋದಳು. ಅವರು ಬಿಪಿ ನೋಡಿ, ರಕ್ತದ ಪೊಟ್ಯಾಸಿಯಂ, ಕಿಡ್ನಿ ಪರೀಕ್ಷೆ ಮಾಡಿಸಿ ಸ್ಪೈರೊನೊಲ್ಯಾಕ್ಟೋನ್ ಬರೆದರು. ಮೂಲದಲ್ಲಿ ಬಿಪಿಗೆ ಕೊಡುವ ಮಾತ್ರೆಯದು; ಕೂದಲ ಬುಡವನ್ನು ಸೊರಗಿಸುವ ಗಂಡು ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ, ಆದರೆ ಫಲ ಕಾಣಲು ಆರು ತಿಂಗಳಾದರೂ ಬೇಕು. "ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕಮ್ಮ. ಇದನ್ನ ತಗೊಳ್ಳೋವಾಗ ಬಸುರಾಗ್ಲೇಬಾರ್ದು. ಹೊಟ್ಟೇಲಿರೋದು ಗಂಡುಮಗುವಾದ್ರೆ ಅದರ ಜನನಾಂಗದ ಬೆಳವಣಿಗೆ ಕೆಡಬಹುದು" ಎಂದು ಗರ್ಭನಿರೋಧಕವನ್ನೂ ಕೊಟ್ಟರು.

ವರ್ಷದೊಳಗೆ ಕೂದಲು ತುಂಬಿಕೊಂಡಿತು. ಜಡೆಗೆ ಮಲ್ಲಿಗೆ ಮುಡಿಸುತ್ತ ವೇದಾವತಿ, "ಇನ್ನು ನಿನ್ನ ಸೀಮಂತ ಒಂದು ನೋಡ್ಬೇಕು" ಎಂದರು.

"ಹಾಗಾದ್ರೆ ಮಾತ್ರೆ ಬಿಡ್ಬೇಕು ಅತ್ತೆ. ಬಿಟ್ಟ ಮೇಲೂ ಒಂದು ತಿಂಗಳು ಕಾಯ್ಬೇಕಂತೆ. ಬಂದಿರೋ ಕೂದಲು ಮತ್ತೆ ಉದುರುತ್ತೆ."

"ಅಯ್ಯೋ ಮಾರಾಯ್ತಿ! ಫೋಟೋದಲ್ಲಿ ಬೋಳುತಲೆ ಕಾಣಲ್ವಾ? ಸೀಮಂತದ ತನಕ ಅರ್ಧರ್ಧ ನುಂಗು, ಏನೂ ಆಗಲ್ಲ."

"ಅಮ್ಮ ಹೇಳೋದೂ ಸರೀನೇ" ಎಂದ ಗೋವಿಂದ.

ಕವನಾ ಜಡೆಯ ಮಲ್ಲಿಗೆಯನ್ನು ಕಿತ್ತು ಅತ್ತೆಯ ಕೈಗಿಟ್ಟಳು.

"ಸೀಮಂತ ಅಂದ್ರೆ ಬಸುರಿಗೆ ಬೈತಲೆ ತೆಗೆಯೋ ಶಾಸ್ತ್ರ ಅಂತಾರಲ್ಲ. ನಿಮಗೆ ಆ ಕಷ್ಟವೂ ಬೇಡ ಅತ್ತೆ, ನನ್ನ ಬೈತಲೆ ಅಷ್ಟೊತ್ತಿಗೆ ತಾನೇ ತೆಗೆದುಕೊಂಡಿರುತ್ತೆ. ಅಮ್ಮ ಮಗ ಸೇರಿ ಅದರ ಮೇಲೆ ಬಸ್ಸು ಓಡಿಸ್ಕೊಳ್ಳಿ."