ಪಾಯಿಂಟ್ ನೈನ್ ಒನ್ ಮುಖ

ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ಮೇಕಪ್ಪಕ್ಕ. ಬ್ರಷ್ ಕೆಳಗಿಟ್ಟು ಒಂಬತ್ತು ವರ್ಷವಾದರೂ ಹೆಸರು ಮಾತ್ರ ಅಂಟಿಕೊಂಡೇ ಇದೆ. ಇಪ್ಪತ್ತೆರಡು ವರ್ಷ ನಟನಟಿಯರ ಮುಖಕ್ಕೆ ಬಣ್ಣ ಹಚ್ಚಿ, ಮಂಡಿ ನೋವಿಗೆ ಸೋತು, ಸಿನಿಮಾದಲ್ಲಿ ಮುಖ ಬದಲಿಸುವ ಈ ಎರಡನೇ ಮಹಡಿಯ ಕೋಣೆಗೆ ಬಂದು ಪರದೆಯ ಮುಂದೆ ಕೂತವಳು. ತಪ್ಪು ಹುಡುಕುವುದೇ ಅವಳ ಕೆಲಸ. ಕೂತು ನೋಡುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ದಿನ ಆ ಕುರ್ಚಿಯಲ್ಲಿ ಕೂರಲಿ, ಆಮೇಲೆ ಮಾತಾಡೋಣ! ಅವಳ ಸಹಿ ಬೀಳದೆ ಒಂದು ಶಾಟೂ ಹೊರಗೆ ಹೋಗುತ್ತಿರಲಿಲ್ಲ.

ಆ ಸಹಿಗೇ ಸೋಮವಾರ ಸಂಚಕಾರ ಬಂತು. ಯಜಮಾನರು ಎಲ್ಲರೆದುರು ಹೇಳಿಬಿಟ್ಟರು: "ಇನ್ಮೇಲೆ ಕಂಪ್ಯೂಟರ್ ಕೊಡೋ ಸ್ಕೋರ್ ಸಾಕು. ಪಾಯಿಂಟ್ ಏಯ್ಟ್ ಫೈವ್ ದಾಟಿದ್ರೆ ಪಾಸ್. ಅಕ್ಕಾ, ನೀವು ಫೈಲ್ ಜೋಡಿಸೋದು ನೋಡ್ಕೊಳ್ಳಿ. ಸಂಬಳ ಅಷ್ಟೇ ಇರತ್ತೆ."

ಸಂಬಳ ಯಾರಿಗೆ ಬೇಕಿತ್ತು? ಮೂವತ್ತೊಂದು ವರ್ಷ ಮುಖ ನೋಡಿ ಪಳಗಿದ ಕಣ್ಣಿಗೆ ಮೂಲೆ ತೋರಿಸಿದರಲ್ಲ!

ಅದೇ ದಿನ ಒಂದು ಶಾಟ್ ಬಂತು. ನಾಯಕಿಯ ಬದಲು ಸಾಹಸ ಮಾಡುವ ಡೂಪ್ ಹೆಂಗಸೊಬ್ಬಳು ಏದುಸಿರು ಬಿಡುತ್ತ ಮೆಟ್ಟಿಲಿಳಿದು ಓಡುತ್ತಾಳೆ. ಅವಳ ಮುಖದ ಜಾಗಕ್ಕೆ ನಾಯಕಿಯ ಒಪ್ಪಿಗೆ ಪಡೆದು ನಾಯಕಿಯ ಮುಖ ಕೂರಿಸಿದ್ದರು. ಕಂಪ್ಯೂಟರಿನಲ್ಲಿ ಮುಖ ಕೂರಿಸುವ ಎಂಜಿನಿಯರ್ ಎದೆಯುಬ್ಬಿಸಿ ಬಂದ. "ಪಾಯಿಂಟ್ ನೈನ್ ಒನ್, ಅಕ್ಕಾ! ಇಷ್ಟು ಯಾವತ್ತೂ ಬಂದಿರ್ಲಿಲ್ಲ."

ಅವಳು ಎರಡು ಸಲ ನೋಡಿದಳು. "ಮುಖ ನಾಯಕಿದೇ ಕಣಪ್ಪಾ, ಸುಳ್ಳಿಲ್ಲ. ಆದ್ರೆ ಓಡ್ತಿರೋಳು ಅವಳಲ್ಲ. ಏದುಸಿರು ಬಿಡೋಳ ಮುಖ ಹೀಗೆ ಫೋಟೋಗೆ ಕೂತಂಗೆ ಇರತ್ತಾ? ಕಿಟಕಿ ಎಡಗಡೆ ಇದೆ, ಬೆಳಕು ಎದುರಿಂದ ಬಿದ್ದಿದೆ. ದವಡೆ ಅಂಚು ನೋಡು, ಮಿಣಮಿಣ ಅಂತಿದೆ."

"ಹಾಗಿದ್ರೆ ನಂಬರ್ ಸುಳ್ಳು ಹೇಳತ್ತಾ?" ಎಂದರು ಹಿಂದೆ ನಿಂತಿದ್ದ ಯಜಮಾನರು.

ಸುಮ್ಮನಿರುವ ಜಾಯಮಾನ ಅವಳದಲ್ಲ. ಎಂಜಿನಿಯರನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಇದು ಹೇಗೆ ಅಳೆಯತ್ತೆ, ನನಗೆ ಅರ್ಥ ಆಗೋ ಹಾಗೆ ಹೇಳು."

ಅವನು ಹೇಳಿದ. ಪ್ರತಿ ಫ್ರೇಮಿನಿಂದ ಮುಖವನ್ನಷ್ಟೇ ಕತ್ತರಿಸಿ ನೆಟ್ಟಗೆ ನಿಲ್ಲಿಸಿ, ಗುರುತು ಹಿಡಿಯುವ ಯಂತ್ರ ಅದನ್ನು ಅಂಕಿಗಳ ಸಾಲಾಗಿ ಮಾಡುತ್ತದೆ. ನಾಯಕಿಯ ಫೋಟೋದ ಸಾಲಿಗೆ ಅದು ಎಷ್ಟು ಹತ್ತಿರವೋ ಅದೇ ಸ್ಕೋರ್. ಕೊನೆಗೆ ಎಲ್ಲ ಫ್ರೇಮುಗಳ ಸರಾಸರಿ.

"ಹಾಗಾದ್ರೆ ಕುತ್ತಿಗೆಗೆ ನೀಲಿ ಬಳಿ."

ಅವನು ನಗುತ್ತಲೇ ಎಲ್ಲ ಫ್ರೇಮಿನಲ್ಲೂ ಕುತ್ತಿಗೆಗೆ ನೀಲಿ ಬಳಿದು ಅಳೆದ. ಪಾಯಿಂಟ್ ನೈನ್ ಒನ್. ನಗು ಅರ್ಧಕ್ಕೆ ನಿಂತಿತು.

"ಈಗ ಫ್ರೇಮುಗಳನ್ನ ಹಿಂದೆಮುಂದೆ ಕಲಸು."

ಕಲಸಿದ. ಪರದೆಯ ಮೇಲೆ ಆ ಹೆಂಗಸು ಮಿಡತೆಯಂತೆ ಅಲ್ಲಿಂದಿಲ್ಲಿಗೆ ನೆಗೆದಳು. ಸ್ಕೋರ್ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಸರಾಸರಿ ಅಲ್ವಾ, ಯಾವ ಕ್ರಮದಲ್ಲಿ ಕೂಡಿದ್ರೂ ಅಷ್ಟೇ," ಎಂದು ಅವನು ತಲೆ ಕೆರೆದುಕೊಂಡು ಯಜಮಾನರತ್ತ ತಿರುಗಿದ. "ಬೆಳಕು ಬದಲಾದ್ರೂ, ಮುಖಭಾವ ಬದಲಾದ್ರೂ ಅದೇ ಮನುಷ್ಯ ಅಂತ ಗುರುತಿಸೋಕೇ ಇದನ್ನ ತಯಾರು ಮಾಡಿರೋದು, ಸರ್. ಅದಕ್ಕೇ ಬೆಳಕು ತಪ್ಪಿದ್ದು ಅದಕ್ಕೆ ತಪ್ಪೇ ಅಲ್ಲ. ಇನ್ನೊಂದು..." ಅವನು ದನಿ ತಗ್ಗಿಸಿದ. "ಸ್ಕೋರ್ ಏರ್ಲಿ ಅಂತ ಮುಖ ಕೂರಿಸೋ ನಮ್ಮ ಮಾಡೆಲ್‌ಗೆ ನಾನು ಪಾಠ ಹೇಳಿಸಿದ್ದೂ ಇದೇ ಯಂತ್ರದ ಹತ್ರ."

"ಪಾಠ ಹೇಳಿದ ಮೇಷ್ಟ್ರೇ ಮಾರ್ಕು ಕೊಟ್ಟಿದ್ದಾರೆ, ಸರಿಹೋಯ್ತು!" ಎಂದಳು ಮೇಕಪ್ಪಕ್ಕ. "ಕೆಲಸಕ್ಕೆ ಬಾರದ್ದು ಅಂತ ನಾನನ್ನಲ್ಲ. ಮುಖ ಯಾರದು ಅಂತ ಕೇಳಿ, ಹೇಳತ್ತೆ. ನಿಜವಾಗಿ ಕಾಣತ್ತಾ ಅಂತ ಅದನ್ನ ಕೇಳ್ಬೇಡಿ."

ಯಜಮಾನರು ಕೈಕಟ್ಟಿ ನಿಂತರು. "ಶುಕ್ರವಾರ ನಿರ್ದೇಶಕರು ನೋಡ್ತಾರೆ. ನಿಮ್ಮಿಷ್ಟದಂತೆ ಮಾಡಿ. ಅವರು ಮುಖ ಸರಿಯಿಲ್ಲ ಅಂದ್ರೆ ಇವತ್ತು ಹೇಳಿದ್ದೇ ಖಾಯಂ."

ಪಾಯಿಂಟ್ ಏಯ್ಟ್ ಟೂ ಬಂತೆಂದು ಎಂಜಿನಿಯರ್ ಬದಿಗೆಸೆದಿದ್ದ ಹಳೆಯ ಫೈಲೊಂದಿತ್ತು. ಅದರಲ್ಲಿ ನಾಯಕಿಯ ಹೋಲಿಕೆಗೆ ಕೊಟ್ಟ ಒತ್ತು ಕಡಿಮೆ, ಹಾಗಾಗಿ ಓಡುವವಳ ಏದುಸಿರು, ಸುಕ್ಕುಗಟ್ಟಿದ ಹಣೆ ಉಳಿದಿತ್ತು. ಇಬ್ಬರೂ ಅದನ್ನೇ ಎತ್ತಿಕೊಂಡರು. ಅವಳು ಎಡಗೆನ್ನೆಗೆ ಕಿಟಕಿಯ ಬೆಳಕು ತರಿಸಿದಳು, ದವಡೆಯ ಬಣ್ಣವನ್ನು ಕುತ್ತಿಗೆಗೆ ಹೊಂದಿಸಿದಳು; ಅವನು ಅಂಚಿನ ನಡುಕವನ್ನು ಫ್ರೇಮಿನಿಂದ ಫ್ರೇಮಿಗೆ ನಿಲ್ಲಿಸಿದ. ಕೊನೆಯಲ್ಲೂ ಸ್ಕೋರ್ ಪಾಯಿಂಟ್ ಏಯ್ಟ್ ಟೂ ಆಸುಪಾಸಿನಲ್ಲೇ ನಿಂತಿತು, ಯಜಮಾನರ ಗೆರೆಯ ಕೆಳಗೆ.

ಶುಕ್ರವಾರ ನಿರ್ದೇಶಕರು ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಶಾಟ್ ಓಡಿತು. "ಇನ್ನೊಂದ್ಸಲ," ಎಂದರು. ಮತ್ತೊಮ್ಮೆ ಓಡಿತು.

"ಚಪ್ಪಲಿ ಸದ್ದು ಜಾಸ್ತಿ ಆಯ್ತು," ಎಂದರು ನಿರ್ದೇಶಕರು. "ಸ್ವಲ್ಪ ಕಮ್ಮಿ ಮಾಡ್ಸಿ. ಮುಂದಿನದು ಹಾಕಿ."

ಅಷ್ಟೇ. ಮುಖದ ಬಗ್ಗೆ ಚಕಾರವಿಲ್ಲ! ಎಂಜಿನಿಯರ್ ಕತ್ತಲಲ್ಲೇ ಅವಳ ಮೊಣಕೈ ಹಿಡಿದು ಅಲುಗಿಸಿದ. ಹೆಮ್ಮೆಯಿಂದ ಅವಳ ಮುಖ ಅರಳಿತು.

ನಿರ್ದೇಶಕರು ಹೋದ ಮೇಲೆ ಯಜಮಾನರು ಶಾಟಿನ ಚೀಟಿ ತಂದು ಅವಳ ಮೇಜಿನ ಮೇಲಿಟ್ಟರು. ಸ್ಕೋರ್ ಬರೆಯುವ ಜಾಗ ಇನ್ನೂ ಖಾಲಿಯಿತ್ತು.

"ಮೊದಲು ನಿಮ್ಮ ಸಹಿ ಹಾಕಿ, ಅಕ್ಕಾ," ಎಂದರು ಅವರು. "ನಂಬರ್ ಆಮೇಲೆ ಬರ್ಕೊತೀನಿ."